ಸೋರುವ ಸೀಲಿಂಗಿಗೆ ಒಂದು ಖಡಕ್ ಮೇಲ್

“ಸರ್, ಬೆಡ್‌ರೂಮ್ ಸೀಲಿಂಗಲ್ಲಿ ನೀರು ಬರ್ತಿದೆ, ಸ್ವಲ್ಪ ನೋಡಿ.” ಬೆಂಗಳೂರಿನ ಬಾಡಿಗೆ ಮನೆಗಳಿಂದ ಓನರ್‌ಗಳ ವಾಟ್ಸಾಪಿಗೆ ಹೋಗುವ ರಿಪೇರಿ ದೂರುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಉತ್ತರವಾಗಿ ಒಂದು ಹೆಬ್ಬೆರಳು ಬರುತ್ತದೆ, ಇಲ್ಲವೇ “ಪ್ಲಂಬರ್‌ಗೆ ಹೇಳ್ತೀನಿ” ಎಂಬ ಒಂದು ಸಾಲು. ಪ್ಲಂಬರ್ ಮಾತ್ರ ಬರುವುದಿಲ್ಲ. ಹದಿನೈದು ದಿನ ಬಿಟ್ಟು ಇನ್ನೊಂದು ಸಂದೇಶ ಹೋಗುತ್ತದೆ, ಈ ಸಲ ಸ್ವಲ್ಪ ಸಿಟ್ಟಿನಲ್ಲಿ. ಅಷ್ಟರಲ್ಲಿ ಪುಟ್ಟಿ ಉಬ್ಬಿ ಉದುರಿ, ಗೋಡೆಯ ಮೂಲೆಗೆ ಕಪ್ಪು ಬೂಷ್ಟು ಹಿಡಿದಿರುತ್ತದೆ. ಮನೆ ಖಾಲಿ ಮಾಡುವ ದಿನ ಓನರ್ ಅದೇ ಮೂಲೆ ತೋರಿಸಿ ಅಡ್ವಾನ್ಸಿನಲ್ಲಿ ಒಂದಷ್ಟು ದುಡ್ಡು ಮುರಿದುಕೊಳ್ಳುತ್ತಾರೆ. “ಆವಾಗಲೇ ಹೇಳಿದ್ದೆನಲ್ಲ ಸರ್” ಎಂದರೆ “ಯಾವಾಗ ಹೇಳಿದ್ರಿ?” ಎಂಬ ಪ್ರಶ್ನೆ ಎದುರಾಗುತ್ತದೆ.

ಒಳ್ಳೆಯ ರಿಪೇರಿ ಮೇಲ್ ಅನ್ನು ಬರೆಯುವುದು ಈ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಿಡುವುದಕ್ಕೆ. ಅದನ್ನು ಓನರ್ ಹೆಸರಿಗೆ ಕಳಿಸಿದರೂ ಅದು ಬರೆದಂತಿರಬೇಕಾದದ್ದು ಮೂರನೆಯ ಒಬ್ಬರಿಗೆ. ಆರು ತಿಂಗಳ ನಂತರ, ಎರಡೂ ಕಡೆಯವರ ಪರಿಚಯವಿಲ್ಲದೆ, ಆ ಸೀಲಿಂಗನ್ನು ಕಣ್ಣಾರೆ ನೋಡದೆ ಓದುವವರು ಅವರು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿಗೆ ಹೊಸದಾಗಿ ಆರಿಸಿ ಬಂದ ಸೆಕ್ರೆಟರಿ ಇರಬಹುದು, ವಿದೇಶದಲ್ಲಿರುವ ಓನರ್ ಪರವಾಗಿ ಮನೆ ನೋಡಿಕೊಳ್ಳುವ ಅವರ ಭಾವಮೈದುನ ಇರಬಹುದು, ವಿಷಯ ಅಲ್ಲಿಯವರೆಗೆ ಬೆಳೆದರೆ ವಕೀಲರೋ ನ್ಯಾಯಾಧೀಶರೋ ಇರಬಹುದು. ಅವರಿಗೆ ಬರೆದವರ ಸಿಟ್ಟಿನಿಂದ ಆಗಬೇಕಾದದ್ದೇನೂ ಇಲ್ಲ. ಏನಾಯಿತು, ಎಂದಿನಿಂದ, ಯಾರಿಗೆ ಯಾವಾಗ ತಿಳಿಸಲಾಯಿತು, ಏನು ಕೇಳಲಾಯಿತು ಎಂಬುದಷ್ಟೇ ಸಿಗಬೇಕು.

ಬರೆಯಲು ಕೂರುವ ಮುಂಚೆ ತುಸು ಪತ್ತೇದಾರಿ ಕೆಲಸವಿದೆ. ಸೋರಿಕೆಯಲ್ಲಿ ಅರ್ಧ ಜಗಳ ನೀರು ಎಲ್ಲಿಂದ ಬರುತ್ತಿದೆ ಎಂಬುದರದ್ದು. ಮೇಲಿನ ಮನೆಯ ಬಾತ್‌ರೂಮಿನ ನೆಲದಿಂದ ಬಂದರೆ ಅದು ಮೇಲಿನ ಮನೆಯ ಓನರ್ ಸರಿಪಡಿಸಬೇಕಾದ ಕೆಲಸ. ಡಕ್ಟಿನಲ್ಲಿ ಇಳಿಯುವ, ಎಲ್ಲ ಮಹಡಿಗೂ ಸೇರಿದ ಪೈಪಿನಿಂದಲೋ ಟೆರೇಸಿನಿಂದಲೋ ಹೊರಗೋಡೆಯ ಬಿರುಕಿನಿಂದಲೋ ಬಂದರೆ ಸಾಮಾನ್ಯವಾಗಿ ಅಸೋಸಿಯೇಷನ್ನಿನ ಕೆಲಸ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯೂ ಅಡಿಪಾಯ, ಮುಖ್ಯ ಗೋಡೆ, ಛಾವಣಿಗಳನ್ನು ಎಲ್ಲರಿಗೂ ಸೇರಿದ ಭಾಗಗಳ ಪಟ್ಟಿಯಲ್ಲೇ ಇಟ್ಟಿದೆ. ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಂಗಡಣೆ ಹೊಸದಲ್ಲ. ಅಲ್ಲಿನ ಸಹಕಾರಿ ಸೊಸೈಟಿಗಳ ಮಾದರಿ ಬೈಲಾದಲ್ಲಿ ಯಾವ ರಿಪೇರಿಯ ಖರ್ಚು ಸೊಸೈಟಿಯದು, ಯಾವುದು ಸದಸ್ಯರದು ಎಂಬ ಪಟ್ಟಿಯೇ ಇದೆ.

ನೀರಿನ ಮೂಲವನ್ನು ಅಂದಾಜು ಮಾಡಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಮಳೆ ಬಂದ ಮರುದಿನ ತೇವ ಹೆಚ್ಚಾಗಿ, ಬಿಸಿಲು ಬಿದ್ದಾಗ ಒಣಗಿ, ಅಂಚಿನಲ್ಲಿ ಬಿಳಿ ಪುಡಿ ಬಿಟ್ಟರೆ ಅನುಮಾನ ಟೆರೇಸಿನ ಮೇಲೋ ಹೊರಗೋಡೆಯ ಮೇಲೋ ಹೋಗಬೇಕು. ಆ ಪುಡಿ ಸಿಮೆಂಟು, ಇಟ್ಟಿಗೆಯೊಳಗಿನ ಲವಣ. ನೀರಿನ ಜೊತೆ ಹೊರಬಂದು, ನೀರು ಆರಿದ ಮೇಲೆ ಉಳಿದುಕೊಳ್ಳುತ್ತದೆ. ಮಳೆಗೂ ಬಿಸಿಲಿಗೂ ಸಂಬಂಧವಿಲ್ಲದೆ ಬೆಳಗಿನ ಸ್ನಾನದ ಹೊತ್ತಿನ ನಂತರ ಹನಿ ಜೋರಾದರೆ ಮೇಲಿನ ಬಾತ್‌ರೂಮಿನ ನೆಲ, ಮೂಲೆಯ ನಹಾನಿ ಟ್ರ್ಯಾಪು, ಅದರ ಕೆಳಗಿನ ಕೊಳಾಯಿ ಜಾಯಿಂಟು ಇವುಗಳ ಕಡೆ ನೋಡಬೇಕು. ಮೇಲಿನವರು ಊರಿಗೆ ಹೋಗಿದ್ದಾಗಲೂ ಒಂದೇ ಸಮನೆ ತೊಟ್ಟಿಕ್ಕುತ್ತಿದ್ದರೆ ಒತ್ತಡದಲ್ಲಿ ನೀರು ನಿಂತಿರುವ ಸರಬರಾಜು ಪೈಪು ಸೋರುತ್ತಿರುವ ಸಾಧ್ಯತೆ ಹೆಚ್ಚು. ಆ ಮನೆಯ ವಾಲ್ವ್ ಒಂದು ರಾತ್ರಿ ಮುಚ್ಚಿಟ್ಟು ನೋಡಿದರೆ ಸುಳಿವು ಸಿಗುತ್ತದೆ. ನೆಲದ ಮೇಲೆ ಅನುಮಾನವಿದ್ದರೆ ಪ್ಲಂಬರ್‌ಗಳು ನಹಾನಿ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದ ತುಂಬ ನೀರು ಕಟ್ಟಿ, ಒಂದೆರಡು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡುತ್ತಾರೆ. ನೀರಿಗೆ ಬಣ್ಣ ಬೆರೆಸಿದರೆ ಇನ್ನೂ ಸ್ಪಷ್ಟ.

ಇದಕ್ಕೆಲ್ಲ ದಾಖಲೆ ಬೇಕಲ್ಲ? ಅದಕ್ಕೊಂದು ಸುಲಭ ಉಪಾಯ ಪೆನ್ಸಿಲ್. ತೇವದ ಕಲೆಯ ಅಂಚಿನಲ್ಲೇ ತೆಳುವಾಗಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯುವುದು. ಮೂರು ದಿನ ಬಿಟ್ಟು ಕಲೆ ಗೆರೆ ದಾಟಿದ್ದರೆ ಇನ್ನೊಂದು ಗೆರೆ, ಇನ್ನೊಂದು ತಾರೀಖು. ಎರಡು ಗೆರೆಗಳಿರುವ ಒಂದೇ ಫೋಟೋ “ದಿನೇ ದಿನೇ ಜಾಸ್ತಿಯಾಗ್ತಿದೆ” ಎಂಬ ಮಾತಿಗಿಂತ ಗಟ್ಟಿ ಸಾಕ್ಷಿ. ಗೋಡೆಗೆ ಗೀಚಿದರೆ ರೇಗುವ ಓನರ್ ಆದರೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಬರೆಯಬಹುದು. ಫೋಟೋ ಎರಡು ಬಗೆಯದು ಬೇಕು: ಇಡೀ ಕೋಣೆ ಕಾಣುವಂತೆ ದೂರದಿಂದ ಒಂದು, ಕಲೆಯ ಪಕ್ಕ ಅಳತೆ ಪಟ್ಟಿ ಹಿಡಿದು ಹತ್ತಿರದಿಂದ ಇನ್ನೊಂದು. ಹತ್ತಿರದ ಫೋಟೋ ಮಾತ್ರ ಇದ್ದರೆ ಅದು ಯಾವ ಮನೆಯ ಯಾವ ಗೋಡೆಯೆಂದು ಯಾರೂ ಹೇಳಲಾರರು.

ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗಿ ಹೋಗುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಫೋಟೋದೊಳಗೇ ಇರುವ ಮಾಹಿತಿಯೂ ಅಳಿಸಿಹೋಗುತ್ತದೆ. ಮೇಲ್‌ಗೆ ಮೂಲ ಫೋಟೋವನ್ನೇ ಲಗತ್ತಿಸಬೇಕು; ಫೋನಿನಲ್ಲಿರುವ ಪ್ರತಿಯನ್ನು ಅಳಿಸಬಾರದು. ಹಾಗೆಂದು ವಾಟ್ಸಾಪ್ ಸಂದೇಶಕ್ಕೆ ಬೆಲೆಯೇ ಇಲ್ಲವೆಂದಲ್ಲ. ಫೋನ್ ಬದಲಾದಾಗ, ಸಂದೇಶ ತಾನಾಗಿ ಅಳಿಯುವ ಸೆಟ್ಟಿಂಗ್ ಹಾಕಿದಾಗ ಅದು ಕೈತಪ್ಪುತ್ತದೆ ಅಷ್ಟೇ.

ಈಗ ಮೇಲ್. ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಮೂರನೆಯ ಮಹಡಿಯ 304ನೇ ಫ್ಲ್ಯಾಟಿನಲ್ಲಿ ಒಂದು ಕುಟುಂಬ ಬಾಡಿಗೆಗಿದೆ, ಮೇಲೆ 404. ಸೀಲಿಂಗ್ ಸೋರುತ್ತಿದೆ. ಬಾಡಿಗೆದಾರರು ಓನರ್‌ಗೆ ಬರೆಯುತ್ತಾರೆ, ಅಸೋಸಿಯೇಷನ್‌ಗೆ ಪ್ರತಿ ಹಾಕುತ್ತಾರೆ.

ವಿಷಯ: ಫ್ಲ್ಯಾಟ್ 304, ಬೆಡ್‌ರೂಮ್ ಸೀಲಿಂಗ್ ಸೋರಿಕೆ – ಜುಲೈ 20ರೊಳಗೆ ಪರಿಶೀಲನೆಗೆ ಕೋರಿಕೆ

ಮಾನ್ಯರೇ,

ನಾವು ಬಾಡಿಗೆಗಿರುವ ಫ್ಲ್ಯಾಟ್ 304ರ ಬೆಡ್‌ರೂಮ್ ಸೀಲಿಂಗಿನಲ್ಲಿ, ಬಾತ್‌ರೂಮ್ ಕಡೆಯ ಮೂಲೆಯಲ್ಲಿ, ಜುಲೈ 2ರಿಂದ ನೀರು ಸೋರುತ್ತಿದೆ. ಅಂದು ಅಂಗೈಯಷ್ಟಿದ್ದ ತೇವದ ಕಲೆ ಇಂದು, ಜುಲೈ 12ರಂದು, 3 ಅಡಿ ಉದ್ದ, 2 ಅಡಿ ಅಗಲ ಆಗಿದೆ. ಪುಟ್ಟಿ ಉದುರುತ್ತಿದೆ. ಫ್ಯಾನಿನ ಪಾಯಿಂಟ್ ಕಲೆಯಿಂದ ಸುಮಾರು ಒಂದು ಅಡಿ ದೂರದಲ್ಲಿರುವುದರಿಂದ ಫ್ಯಾನ್ ಬಳಸುವುದನ್ನು ನಿಲ್ಲಿಸಿದ್ದೇವೆ.

ಜುಲೈ 4ರಿಂದ 7ರವರೆಗೆ ಮಳೆ ಇರಲಿಲ್ಲ. ಹನಿ ಬೀಳುತ್ತಲೇ ಇತ್ತು. 404ರವರು ಊರಿನಲ್ಲಿ ಇಲ್ಲದಿದ್ದ 8 ಮತ್ತು 9ರಂದು ಹನಿ ನಿಂತಿತ್ತು, 10ರಂದು ಮತ್ತೆ ಶುರುವಾಯಿತು. ಮೇಲಿನ ಬಾತ್‌ರೂಮಿನಿಂದ ನೀರು ಇಳಿಯುತ್ತಿರಬಹುದು ಎಂಬುದು ನಮ್ಮ ಅಂದಾಜು. ಕಾರಣವನ್ನು ಪ್ಲಂಬರ್ ನೋಡಿಯೇ ಹೇಳಬೇಕು.

ಜುಲೈ 3ರಂದು ವಾಟ್ಸಾಪಿನಲ್ಲಿ ತಮಗೆ ತಿಳಿಸಿದ್ದೆ. 6ರಂದು ಫೋನಿನಲ್ಲಿ ಮಾತಾಡಿದಾಗ ಎರಡು ದಿನದಲ್ಲಿ ಪ್ಲಂಬರ್ ಕಳಿಸುವುದಾಗಿ ತಾವು ಹೇಳಿದ್ದಿರಿ. ಇದುವರೆಗೆ ಯಾರೂ ಬಂದಿಲ್ಲ.

ನಮ್ಮ ಅಗ್ರಿಮೆಂಟಿನ 9ನೇ ಷರತ್ತಿನಲ್ಲಿ ಕಟ್ಟಡ ಮತ್ತು ಪೈಪ್‌ಲೈನಿಗೆ ಸಂಬಂಧಿಸಿದ ರಿಪೇರಿ ಮಾಲೀಕರದು ಎಂದಿದೆ. ದಯವಿಟ್ಟು ಜುಲೈ 20ರೊಳಗೆ ಪರಿಶೀಲನೆ ಮಾಡಿಸಿ, ಕೆಲಸ ಯಾವಾಗ ಶುರುವಾಗುತ್ತದೆ ಎಂದು ಈ ಮೇಲ್‌ಗೆ ಉತ್ತರವಾಗಿ ತಿಳಿಸಿ. 404ರ ಒಳಗೆ ಹೋಗಿ ನೋಡಬೇಕಾಗುವುದರಿಂದ ಅಸೋಸಿಯೇಷನ್‌ಗೂ ಪ್ರತಿ ಕಳಿಸಿದ್ದೇನೆ. ವಾರದ ದಿನಗಳಲ್ಲಿ ಸಂಜೆ 6ರ ನಂತರ, ಶನಿವಾರ ಇಡೀ ದಿನ ನಾವು ಮನೆಯಲ್ಲಿರುತ್ತೇವೆ.

ಲಗತ್ತು: ಜುಲೈ 2, 7, 12ರ ಫೋಟೋಗಳು, ಅಗ್ರಿಮೆಂಟಿನ ಸಂಬಂಧಪಟ್ಟ ಪುಟ.

ಇಂತಿ ತಮ್ಮ ವಿಶ್ವಾಸಿ, ಹೆಸರು, ಫ್ಲ್ಯಾಟ್ ನಂಬರ್, ಫೋನ್ ನಂಬರ್.

ಈ ಪತ್ರದಲ್ಲಿ ಎಲ್ಲೂ ಬೈಗುಳವಿಲ್ಲ, “ಎಷ್ಟು ಸಲ ಹೇಳೋದು” ಇಲ್ಲ, ಆಶ್ಚರ್ಯಸೂಚಕ ಚಿಹ್ನೆಯೂ ಇಲ್ಲ. ಓನರ್ ಮಾತು ತಪ್ಪಿದ್ದಾರೆ ಎಂದು ದೂರುವ ಬದಲು ಅವರು ಆಡಿದ ಮಾತು ಮತ್ತು ಅದರ ದಿನಾಂಕವನ್ನು ಇಟ್ಟು, “ಇದುವರೆಗೆ ಯಾರೂ ಬಂದಿಲ್ಲ” ಎಂದು ನಿಲ್ಲಿಸಲಾಗಿದೆ. ಓದಿದವರು ಉಳಿದದ್ದನ್ನು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಖಡಕ್ಕಾಗಿರುವುದು ಎಂದರೆ ದನಿ ಏರಿಸುವುದು ಎಂದುಕೊಂಡವರು ಈ ಸಾಲನ್ನು ಎರಡು ಸಲ ಓದಬೇಕು.

ಕಾರಣದ ಬಗ್ಗೆ ಬರೆದ ಸಾಲಿನಲ್ಲೂ ಎಚ್ಚರವಿದೆ. ಕಂಡದ್ದು ಒಂದು ಕಡೆ, ಅಂದಾಜು ಇನ್ನೊಂದು ಕಡೆ. “404ರವರ ಬಾತ್‌ರೂಮೇ ಕಾರಣ” ಎಂದು ಬರೆದುಬಿಟ್ಟು ಆಮೇಲೆ ಡಕ್ಟಿನ ಪೈಪು ಒಡೆದಿದ್ದು ಗೊತ್ತಾದರೆ ಮೇಲಿನ ಮನೆಯವರ ಜೊತೆ ಮಾತು ಬಿಟ್ಟಂತಾಗುತ್ತದೆ, ಮೇಲ್‌ನ ಉಳಿದ ಮಾತುಗಳ ಮೇಲೂ ನಂಬಿಕೆ ಕಡಿಮೆಯಾಗುತ್ತದೆ. ಆದರೆ ಮಳೆ ಇಲ್ಲದ ದಿನಗಳು, ಮೇಲಿನವರು ಇಲ್ಲದ ದಿನಗಳು ಎಂಬ ಎರಡು ಸಂಗತಿಗಳನ್ನು ಬಿಡಬಾರದು. “ಮಳೆಗಾಲ ಅಲ್ವಾ, ಬಿಸಿಲು ಬಂದ್ರೆ ಸರಿಹೋಗುತ್ತೆ” ಎಂಬ ಸಿದ್ಧ ಉತ್ತರದ ದಾರಿಯನ್ನು ಅವು ಮುಚ್ಚುತ್ತವೆ.

ಕೇಳಿದ್ದು ಏನು ಎಂಬುದನ್ನೂ ಗಮನಿಸಬೇಕು. “ಆದಷ್ಟು ಬೇಗ ಸರಿ ಮಾಡಿಸಿ” ಎಂದರೆ ಗಡುವು ಮುಗಿದದ್ದು ಯಾವಾಗ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಎಂಟು ದಿನದಲ್ಲಿ ಕೇಳಿರುವುದು ಪರಿಶೀಲನೆ ಮತ್ತು ಕೆಲಸದ ದಿನಾಂಕ, ಪೂರ್ತಿ ರಿಪೇರಿಯಲ್ಲ. ಬಾತ್‌ರೂಮಿನ ಟೈಲ್ಸ್ ಕಿತ್ತು, ವಾಟರ್‌ಪ್ರೂಫಿಂಗ್ ಮಾಡಿ, ನೀರು ಕಟ್ಟಿ ಪರೀಕ್ಷಿಸಿ, ಮತ್ತೆ ಟೈಲ್ಸ್ ಹಾಕುವ ಕೆಲಸ ಎಂಟು ದಿನದಲ್ಲಿ ಮುಗಿಯುವುದು ಕಷ್ಟ. ಆಗದ ಗಡುವು ಕೊಟ್ಟವರ ಎರಡನೆಯ ಗಡುವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ನೀರು ವೈರಿಂಗಿಗೆ ತಾಗಿದ್ದರೆ, ಸ್ವಿಚ್‌ಬೋರ್ಡಿನಿಂದ ತೊಟ್ಟಿಕ್ಕುತ್ತಿದ್ದರೆ ಗಡುವಿನ ಮಾತೇ ಇಲ್ಲ: ಆ ಭಾಗದ ಎಂಸಿಬಿ ಇಳಿಸಿ, ಫೋನ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ, ಮೇಲ್ ಆಮೇಲೆ ಬರೆದರಾಯಿತು.

ಅಸೋಸಿಯೇಷನ್‌ಗೆ ಪ್ರತಿ ಹಾಕುವುದರಲ್ಲೂ ಒಂದು ಲೆಕ್ಕವಿದೆ. ಬಾಡಿಗೆದಾರರ ಕರಾರು ತಮ್ಮ ಓನರ್ ಜೊತೆ ಮಾತ್ರ; ಮೇಲಿನ ಮನೆಯವರ ಜೊತೆ ಇಲ್ಲ, ಅಸೋಸಿಯೇಷನ್ ಜೊತೆಯೂ ಇಲ್ಲ. ಅಲ್ಲಿ ಸದಸ್ಯತ್ವ ಓನರ್‌ದು. ಹಾಗಾಗಿ ಎಷ್ಟೋ ಕಡೆ ಸೆಕ್ರೆಟರಿಯವರು “ನಿಮ್ಮ ಓನರ್ ಕೈಲಿ ಬರೆಸಿ” ಎನ್ನುತ್ತಾರೆ. ಓನರ್‌ಗೆ ನೇರವಾಗಿ, ಅಸೋಸಿಯೇಷನ್‌ಗೆ ಪ್ರತಿಯಾಗಿ ಹೋದ ಮೇಲ್ ಈ ಅಲೆದಾಟವನ್ನು ತಪ್ಪಿಸುತ್ತದೆ. ಓನರ್ ಅದನ್ನೇ ಮುಂದಕ್ಕೆ ಕಳಿಸಿ “ನನ್ನ ಬಾಡಿಗೆದಾರರ ದೂರಿನಂತೆ ಕ್ರಮ ತೆಗೆದುಕೊಳ್ಳಿ” ಎಂದು ಒಂದು ಸಾಲು ಸೇರಿಸಿದರೆ ಸಾಕು. ಓನರ್ ತಾವೇ ಆ ಫ್ಲ್ಯಾಟಿನಲ್ಲಿ ವಾಸವಿದ್ದರೆ ಪತ್ರ ನೇರವಾಗಿ ಅಸೋಸಿಯೇಷನ್‌ಗೆ, ಪ್ರತಿ 404ರವರಿಗೆ. ಕಟ್ಟಡ ಹೊಸದಾಗಿದ್ದು, ರೇರಾ ಕಾಯ್ದೆಯ ವ್ಯಾಪ್ತಿಗೆ ಬರುವುದಾದರೆ ಬಿಲ್ಡರ್‌ಗೂ ಬರೆಯಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲೋ ಕೆಲಸದ ಗುಣಮಟ್ಟದಲ್ಲೋ ಕಂಡ ದೋಷವನ್ನು ಗಮನಕ್ಕೆ ತಂದರೆ, 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು ಎನ್ನುತ್ತದೆ ಆ ಕಾಯ್ದೆಯ 14ನೇ ಸೆಕ್ಷನ್.

ಮೇಲ್ ಹೋದ ಮೇಲೆ ಸಾಮಾನ್ಯವಾಗಿ ಬರುವುದು ಫೋನ್. “ಇದನ್ನೆಲ್ಲ ಮೇಲ್ ಯಾಕೆ ಮಾಡ್ತೀರಮ್ಮಾ, ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ” ಎಂದು ಶುರುವಾಗಿ, ಭಾನುವಾರ ಪ್ಲಂಬರ್ ಕಳಿಸುವ ಭರವಸೆಯಲ್ಲಿ ಮುಗಿಯುತ್ತದೆ. ಚೆನ್ನಾಗಿಯೇ ಮಾತಾಡಬೇಕು. ಮಾತು ಮುಗಿದ ಅರ್ಧ ಗಂಟೆಯಲ್ಲಿ ಅದೇ ಮೇಲ್‌ನ ಕೆಳಗೆ ಎರಡು ಸಾಲು ಸೇರಿಸಬೇಕು: “ಈಗ ಫೋನಿನಲ್ಲಿ ಮಾತಾಡಿದ್ದಕ್ಕೆ ಧನ್ಯವಾದ. ತಾವು ತಿಳಿಸಿದಂತೆ ಭಾನುವಾರ, ಜುಲೈ 16ರಂದು ಬೆಳಿಗ್ಗೆ ಪ್ಲಂಬರ್ ಬರುವುದನ್ನು ಎದುರು ನೋಡುತ್ತೇವೆ. ನಾನು ತಪ್ಪು ತಿಳಿದಿದ್ದರೆ ದಯವಿಟ್ಟು ತಿದ್ದಿ.” ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮೇಲ್ ಇದೇ, ಅತಿ ಹೆಚ್ಚು ಜನ ಬರೆಯದೆ ಬಿಡುವುದೂ ಇದನ್ನೇ.

ಪ್ಲಂಬರ್ ಬದಲು ಪೇಂಟರ್ ಬರುವುದೂ ಉಂಟು. ಕೆಳಗಿನ ಸೀಲಿಂಗಿಗೆ ವಾಟರ್‌ಪ್ರೂಫ್ ಪುಟ್ಟಿ ಬಳಿದು ಬಣ್ಣ ಹೊಡೆದರೆ ನೋಡಲು ಚೆಂದ, ಖರ್ಚೂ ಕಡಿಮೆ. ಆದರೆ ನೀರು ಮೇಲಿನಿಂದ ಇಳಿಯುತ್ತಿರುವಾಗ ಕೆಳಗೆ ಬಳಿದದ್ದು ಕೆಲವೇ ವಾರಗಳಲ್ಲಿ ಗುಳ್ಳೆ ಎದ್ದು ಕಳಚುತ್ತದೆ. ಕಾಂಕ್ರೀಟಿನೊಳಗೆ ಉಳಿದ ತೇವ ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಸರಳು ಊದಿ ಗಾರೆಯನ್ನು ಚೂರು ಚೂರಾಗಿ ಉದುರಿಸುತ್ತದೆ. ಆಗ ಬರೆಯಬೇಕಾದ ಉತ್ತರ ಹೀಗೆ: ಪೇಂಟಿಂಗ್ ಮಾಡಿಸಲು ಒಪ್ಪಿದ್ದಕ್ಕೆ ಧನ್ಯವಾದ, ಆದರೆ ಮೇಲಿನ ಸೋರಿಕೆ ನಿಂತು ಸೀಲಿಂಗ್ ಒಣಗಿದ ಮೇಲೆ ಅದನ್ನು ಮಾಡಿಸಬೇಕೆಂದು ಕೋರುತ್ತೇವೆ.

ಗಡುವು ದಾಟಿದರೂ ಏನೂ ಆಗದಿದ್ದರೆ ಬಾಡಿಗೆ ನಿಲ್ಲಿಸಿಬಿಡೋಣ ಎಂಬ ಆಲೋಚನೆ ಮೊದಲು ಬರುತ್ತದೆ. ಅದು ಅಪಾಯದ ದಾರಿ. ಬಾಡಿಗೆ ಬಾಕಿ ಎಂಬ ಕಾರಣವನ್ನು ಓನರ್ ಕೈಗೆ ತಾವಾಗಿ ಕೊಟ್ಟಂತೆ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಅನ್ವಯಿಸುವುದು ತೀರಾ ಕಡಿಮೆ ಬಾಡಿಗೆಯ ಮನೆಗಳಿಗೆ. ದೊಡ್ಡ ನಗರಗಳಲ್ಲಿ ಅದರ ಮಿತಿ ತಿಂಗಳಿಗೆ 3,500 ರೂಪಾಯಿ. ಇಂದಿನ ಬಹುಪಾಲು ಫ್ಲ್ಯಾಟುಗಳು ಅದರ ಹೊರಗೆ ಉಳಿಯುತ್ತವೆ. ಅವುಗಳಿಗೆ ಅಗ್ರಿಮೆಂಟು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ಆ ಕಾಯ್ದೆಯ 108ನೇ ಸೆಕ್ಷನ್ ಒಂದು ಅವಕಾಶ ಕೊಡುತ್ತದೆ: ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಮಂಜಸವಾದ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು.

ಇದರಲ್ಲಿ ಎರಡು ಬಿಗಿ ಇವೆ. ರಿಪೇರಿ ಮಾಲೀಕನ ಹೊಣೆಯೆಂದು ತೋರಿಸಬೇಕು. ತಿಳಿಸಿದ್ದಕ್ಕೆ ಪುರಾವೆ ಬೇಕು. ಅಗ್ರಿಮೆಂಟಿನಲ್ಲಿ ಬೇರೆ ಮಾತಿದ್ದರೆ ಅದೇ ನಡೆಯುತ್ತದೆ. ಆದ್ದರಿಂದಲೇ ಮೇಲ್‌ನಲ್ಲಿ ಷರತ್ತಿನ ನಂಬರು, ಆ ಪುಟದ ಪ್ರತಿ. ಅಗ್ರಿಮೆಂಟು ಈ ವಿಷಯದಲ್ಲಿ ಮೌನವಾಗಿದ್ದರೆ, ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಮಾತುಕತೆಗೆ ಒಳ್ಳೆಯ ಅಳತೆಗೋಲು. ಕಟ್ಟಡದ ರಿಪೇರಿ, ಪೈಪು ಬದಲಾವಣೆ, ವೈರಿಂಗ್ ಮಾಲೀಕರದು. ನಲ್ಲಿಯ ವಾಷರ್, ಗೀಸರ್, ಸ್ವಿಚ್ಚು, ಬೀಗ, ಚರಂಡಿ ಕಟ್ಟಿದರೆ ಬಿಡಿಸುವುದು ಬಾಡಿಗೆದಾರರದು ಎಂದು ಅದರಲ್ಲಿ ವಿಂಗಡಿಸಲಾಗಿದೆ. ರಾಜ್ಯ ಕಾನೂನಾಗಿ ಒಪ್ಪದ ಹೊರತು ಅದು ಬಂಧನಕಾರಿಯಲ್ಲ, ಆ ಮಾತನ್ನು ಮರೆಯಬಾರದು.

ಅಂದಮೇಲೆ ಎರಡನೆಯ ಮೇಲ್ ಬಾಡಿಗೆ ನಿಲ್ಲಿಸುವ ಬೆದರಿಕೆಯಾಗಬೇಕಿಲ್ಲ. ಹಳೆಯ ಮೇಲ್‌ನ ಕೆಳಗೇ ಬರೆದು, ಗಡುವು ಮುಗಿದದ್ದನ್ನು ಹೇಳಿ, ಇಬ್ಬರು ಪ್ಲಂಬರ್‌ಗಳಿಂದ ಪಡೆದ ಖರ್ಚಿನ ಅಂದಾಜು ಲಗತ್ತಿಸಿ, “ತಾವೇ ಮಾಡಿಸುವುದಾದರೆ ಇಂಥ ದಿನದೊಳಗೆ ತಿಳಿಸಿ, ಇಲ್ಲವಾದರೆ ನಾವು ಮಾಡಿಸಿ ಮುಂದಿನ ಬಾಡಿಗೆಯಲ್ಲಿ ಹೊಂದಿಸಿಕೊಳ್ಳಲು ಒಪ್ಪಿಗೆ ಕೊಡಿ” ಎಂದು ಕೇಳಬಹುದು. ಒಪ್ಪಿಗೆ ಬರಹದಲ್ಲಿ ಬಂದರೆ ಸೆಕ್ಷನ್ನಿನ ಉಸಾಬರಿಯೇ ಬೇಡ. ಆದರೆ ಈ ದಾರಿ ಬಾಡಿಗೆದಾರರ ಮನೆಯೊಳಗಿನ ಕೆಲಸಕ್ಕಷ್ಟೇ. 404ರ ನೆಲ ಅಗೆಯಲು 304ರವರಿಗೆ ಯಾವ ಕಾನೂನೂ ಅಧಿಕಾರ ಕೊಡುವುದಿಲ್ಲ. ಅಲ್ಲಿ ಓನರ್ ಮತ್ತು ಅಸೋಸಿಯೇಷನ್ನೇ ಮುಂದೆ ನಿಲ್ಲಬೇಕು.

ಮೇಲ್‌ಗೆ ಕಾನೂನಿನಲ್ಲಿ ಬೆಲೆ ಇದೆಯೇ ಎಂದು ಕೇಳುವವರಿದ್ದಾರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಕೋರ್ಟಿಗೆ ಹೋದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಮೇಲ್‌ನ ಮುದ್ರಿತ ಪ್ರತಿಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಮೂಲ ಮೇಲ್ ಅಳಿಸದೆ ಇಟ್ಟುಕೊಳ್ಳುವುದು ಬರೆದವರ ಕೆಲಸ. ಮುಂದಿನ ಅಗ್ರಿಮೆಂಟು ಮಾಡಿಸುವಾಗ ಎರಡೂ ಕಡೆಯ ಮೇಲ್ ವಿಳಾಸ ಬರೆಸಿ, ಸೂಚನೆಗಳನ್ನು ಇವುಗಳಿಗೇ ಕಳಿಸತಕ್ಕದ್ದು ಎಂದು ಒಂದು ಸಾಲು ಸೇರಿಸಿದರೆ “ನಾನು ಆ ಮೇಲ್ ನೋಡೋದೇ ಇಲ್ಲ” ಎಂಬ ಮಾತಿಗೆ ಜಾಗವಿರುವುದಿಲ್ಲ.

ಕೊನೆಗೆ 404ರ ನೆಲ ದುರಸ್ತಿಯಾಗಿ ಹನಿ ನಿಂತಿತು ಎನ್ನೋಣ. ಆಗಲೂ ಒಂದು ಮೇಲ್ ಬಾಕಿ ಇರುತ್ತದೆ. ಕೆಲಸ ಮುಗಿದ ದಿನಾಂಕ, ಓನರ್‌ಗೂ ಅಸೋಸಿಯೇಷನ್‌ಗೂ ಧನ್ಯವಾದ, ಒಣಗಿದ ಸೀಲಿಂಗಿನ ಫೋಟೋ, ಜೊತೆಗೆ ಒಂದು ಸಾಲು: “ಮೂಲೆಯ ಪುಟ್ಟಿ ಮತ್ತು ಬಣ್ಣ ಹಾಳಾಗಿರುವುದು ಈ ಸೋರಿಕೆಯಿಂದ, ಮನೆ ಖಾಲಿ ಮಾಡುವಾಗ ಇದರ ಖರ್ಚನ್ನು ಅಡ್ವಾನ್ಸಿನಲ್ಲಿ ಹಿಡಿಯುವುದಿಲ್ಲವೆಂದು ದಯವಿಟ್ಟು ಖಚಿತಪಡಿಸಿ.” ಕೆಲಸ ಮುಗಿದ ಖುಷಿಯಲ್ಲಿರುವ ಓನರ್ ಇದಕ್ಕೆ “ಓಕೆ” ಎಂದು ಉತ್ತರಿಸುವ ಸಂಭವ, ಮನೆ ಬಿಡುವ ದಿನ ಕೀಲಿಕೈ ಹಿಡಿದು ನಿಂತು ಕೇಳುವಾಗ ಇರುವುದಕ್ಕಿಂತ ಬಹಳ ಹೆಚ್ಚು.